ಕುಡಿತ ಬಿಡಿಸುವ ಮೂರು ಮಾತ್ರೆಗಳು: ಯಾರಿಗೆ ಯಾವುದು?

"ಮೇಡಂ, ಊಟಕ್ಕೆ ಬೆರೆಸಿ ಕೊಡೋ ಮಾತ್ರೆ ಇದ್ಯಂತಲ್ಲ, ಅದನ್ನ ಬರೆಸಿಕೊಡಿ."

ಮಂಡ್ಯದಲ್ಲಿ ಕುಡಿತದ ಚಿಕಿತ್ಸೆಗೆ ಬರುವವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಅತಿ ಹೆಚ್ಚು ಸಲ ಕೇಳಿದ್ದು ಈ ಮಾತನ್ನೇ. ಕೇಳುವವರು ಹೆಂಡತಿಯೋ ತಾಯಿಯೋ ಆಗಿರುತ್ತಾರೆ, ಸೋತು ಸುಣ್ಣವಾಗಿರುತ್ತಾರೆ. ಅವರು ಹೇಳುವ ಮಾತ್ರೆ ಡೈಸಲ್ಫಿರಾಂ. ಅದು ಇರುವುದು ನಿಜ, ಒಳ್ಳೆಯ ಮಾತ್ರೆ ಅನ್ನುವುದೂ ನಿಜ. ಆದರೆ ಗೊತ್ತಿಲ್ಲದವನ ಸಾರಿಗೆ ಬೆರೆಸಿದರೆ ಅದೇ ಮಾತ್ರೆ ಪ್ರಾಣ ತೆಗೆಯಬಹುದು. ಅದಲ್ಲದೆ ಇನ್ನೂ ಎರಡು ಮುಖ್ಯ ಮಾತ್ರೆಗಳಿವೆ, ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೊಸೇಟ್. ಮೂರೂ ಮಾಡುವ ಕೆಲಸ ಬೇರೆ ಬೇರೆ. ಯಾರಿಗೆ ಯಾವುದು ಅನ್ನುವುದನ್ನು ಒಬ್ಬರ ಉದಾಹರಣೆ ಹಿಡಿದು ಹೇಳುತ್ತೇನೆ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿ, ಒಂದೆರಡು ಮನೆಗಳ ಕಥೆಯನ್ನು ಸೇರಿಸಿದ್ದೇನೆ.

ಪಾಂಡವಪುರ ಕಡೆಯ ಕಬ್ಬಿನ ರೈತ, ವಯಸ್ಸು 46. ನಾನು ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ. ಎರಡು ಹಸು, ಬೆಳಿಗ್ಗೆ ಡೈರಿಗೆ ಹಾಲು. ಹೆಂಡತಿಗೆ ಗಾರ್ಮೆಂಟ್ಸ್ ಕೆಲಸ, ಏಳು ಗಂಟೆಗೆಲ್ಲ ಬಸ್ಸು. ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾಳೆ.

ಎಷ್ಟು ಕುಡಿಯುತ್ತಿದ್ದರು

"ಸ್ವಲ್ಪ ತಗೋತೀನಿ" ಅನ್ನುವುದು ಅಳತೆಯಲ್ಲ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ 30 ಎಂಎಲ್‌ಗೆ ಸುಮಾರು 10 ಗ್ರಾಂ. ನೈಂಟಿಯಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ 60 ಗ್ರಾಂ. ಗಂಡಸೊಬ್ಬ ಒಂದೇ ದಿನದಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿದರೆ ಅದನ್ನು ಅತಿಕುಡಿತದ ದಿನವೆಂದು ಲೆಕ್ಕ ಹಾಕುತ್ತಾರೆ. ಅಂದರೆ ಒಂದು ಕ್ವಾರ್ಟರ್ ಮುಗಿಸಿದರೆ ಆ ಗೆರೆ ಮುಟ್ಟಿದ ಹಾಗೆ.

ಅಣ್ಣ ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಿದ್ದರು, 120 ಗ್ರಾಂ. ಹಿಂದಿನ 30 ದಿನದಲ್ಲಿ 28 ದಿನ ಕುಡಿದಿದ್ದರು, ಅಷ್ಟೂ ಅತಿಕುಡಿತದ ದಿನಗಳೇ. ಆಡಿಟ್ ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ 40ಕ್ಕೆ 29 ಬಂತು. 20 ದಾಟಿದರೆ ಅವಲಂಬನೆ ಇರುವ ಸಾಧ್ಯತೆ ಹೆಚ್ಚು. ರಕ್ತಪರೀಕ್ಷೆಯಲ್ಲಿ ಲಿವರಿನ ನೋವು ತೋರಿಸುವ ಮೂರು ಅಂಕಿಗಳೂ ಏರಿದ್ದವು: ಜಿಜಿಟಿ 310, ಎಸ್‌ಜಿಒಟಿ 118, ಎಸ್‌ಜಿಪಿಟಿ 52. ಬಿಲಿರುಬಿನ್ ಸರಿಯಿತ್ತು, ಕಾಮಾಲೆ ಇರಲಿಲ್ಲ. ಕಿಡ್ನಿಯ ಕ್ರಿಯಾಟಿನಿನ್ 0.9. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟೆವು. ಮುಂದೆ ಮಾತ್ರೆ ಆರಿಸಿದ್ದೂ, ಅದು ಕೆಲಸ ಮಾಡಿತೋ ಇಲ್ಲವೋ ಅಂತ ನೋಡಿದ್ದೂ ಇದೇ ಹಾಳೆ ಹಿಡಿದು.

ಮಾತ್ರೆಗೆ ಮೊದಲು ಆ ನಾಲ್ಕೈದು ದಿನ

ಬೆಳಿಗ್ಗೆ ಎದ್ದರೆ ಕೈ ನಡುಗುವವರು, ಒಂದು ನೈಂಟಿ ಹಾಕಿದ ಮೇಲೆ ನಡುಕ ನಿಲ್ಲುವವರು ಮನೆಯಲ್ಲಿ ತಾವಾಗಿಯೇ ಒಂದೇ ಸಲ ನಿಲ್ಲಿಸಬಾರದು. ಕೊನೆಯ ಗ್ಲಾಸಾಗಿ ಆರೆಂಟು ಗಂಟೆಗೆ ಬೆವರು, ನಡುಕ, ಎದೆ ಡವಡವ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಬಹುಪಾಲು ಮೊದಲ ಎರಡು ದಿನದೊಳಗೆ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕುದೆಸೆ ತಪ್ಪಿ, ಗೋಡೆ ಮೇಲೆ ಹುಳು ಹರಿದ ಹಾಗೆ ಕಾಣುತ್ತದೆ. "ಗಾಳಿ ಮೆಟ್ಟಿದೆ" ಅಂತ ಗುಡಿಗೆ ಕರೆದೊಯ್ದು ಸಮಯ ಕಳೆದ ಮನೆಗಳನ್ನು ಕಂಡಿದ್ದೇನೆ. ಅದು ತುರ್ತು ಸ್ಥಿತಿ, ಆಸ್ಪತ್ರೆ ಸೇರಿಸಲೇಬೇಕು.

ಇನ್ನೊಂದು ವಿಷಯ. ನಮ್ಮ ಹಳ್ಳಿಗಳಲ್ಲಿ ಸುಸ್ತು ಅಂದರೆ ಮೊದಲು ಕೇಳುವುದು ಗ್ಲೂಕೋಸ್ ಬಾಟ್ಲು. ತುಂಬಾ ಕುಡಿಯುವವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಮಿನ್, ಬತ್ತಿಹೋಗಿರುತ್ತದೆ. ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಇದ್ದಬದ್ದದ್ದೂ ಖರ್ಚಾಗಿ ಮಿದುಳಿಗೆ ಪೆಟ್ಟಾಗಬಹುದು: ಗೊಂದಲ, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು, ನಡಿಗೆಯಲ್ಲಿ ತೂರಾಟ. ಡ್ರಿಪ್ ಹಾಕಿಸುವ ಮೊದಲು "ಇವರು ದಿನಾ ಕುಡೀತಿದ್ರು" ಅಂತ ಸಂಕೋಚವಿಲ್ಲದೆ ಹೇಳಿ.

ಅಣ್ಣನಿಗೆ ಎರಡು ವರ್ಷದ ಹಿಂದೆ ಹೀಗೇ ನಿಲ್ಲಿಸಿದಾಗ ಒಮ್ಮೆ ಫಿಟ್ಸ್ ಬಂದಿತ್ತು. ಆದ್ದರಿಂದ ಸಂಕ್ರಾಂತಿ ಮುಗಿದ ವಾರ ಆರು ದಿನ ಒಳರೋಗಿಯಾಗಿ ಸೇರಿಸಿದರು. ಲಿವರ್ ನೊಂದಿದ್ದರಿಂದ ವೈದ್ಯರು ನಡುಕಕ್ಕೆ ಲೊರಾಜೆಪಾಮ್ ಆರಿಸಿ, ದಿನದಿನಕ್ಕೆ ಇಳಿಸುತ್ತಾ ನಿಲ್ಲಿಸಿದರು. ಥಯಮಿನ್ ಇಂಜೆಕ್ಷನ್ ಮೊದಲ ದಿನದಿಂದಲೇ ಇತ್ತು. ಲೊರಾಜೆಪಾಮ್‌ನ ಕೆಲಸ ಆ ವಾರಕ್ಕಷ್ಟೆ. ಮನೆಗೆ ಹೋದ ಮೇಲೂ ನಿದ್ರೆಗೆಂದು ಅದನ್ನೇ ಮುಂದುವರಿಸಿದರೆ ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ.

ಮೂರು ಮಾತ್ರೆ, ಮೂರು ಬಗೆ

ಡೈಸಲ್ಫಿರಾಂ ಕುಡಿಯುವ ಆಸೆಯನ್ನು ಮುಟ್ಟುವುದೇ ಇಲ್ಲ. ಆಲ್ಕೋಹಾಲ್ ದೇಹದಲ್ಲಿ ಒಡೆಯುವಾಗ ನಡುವೆ ಅಸಿಟಾಲ್ಡಿಹೈಡ್ ಅನ್ನುವ ವಿಷ ಹುಟ್ಟುತ್ತದೆ, ಸಾಮಾನ್ಯವಾಗಿ ಅದು ಬೇಗ ಕರಗಿಹೋಗುತ್ತದೆ. ಈ ಮಾತ್ರೆ ಹಾಗೆ ಕರಗದಂತೆ ತಡೆಯುತ್ತದೆ. ಕುಡಿದ ಹತ್ತರಿಂದ ಮೂವತ್ತು ನಿಮಿಷದಲ್ಲಿ ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿ, ಎದೆಬಡಿತ ಏರಿ ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇರುವವರಿಗೆ ಇದೇ ಸಾವಿಗೆ ಕಾರಣವಾಗಬಹುದು. ಕೊನೆಯ ಮಾತ್ರೆ ನುಂಗಿ ಎರಡು ವಾರದ ತನಕವೂ ಈ ಪರಿಣಾಮ ಉಳಿದಿರಬಹುದು. ಕೆಮ್ಮಿನ ಕೆಲವು ಸಿರಪ್ಪುಗಳಲ್ಲಿ, ಆಯುರ್ವೇದದ ಅರಿಷ್ಟ ಆಸವಗಳಲ್ಲಿ ಇರುವ ಆಲ್ಕೋಹಾಲೂ ಸಾಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲಸ ಮಾಡುವುದು "ಕುಡಿದರೆ ಹೀಗಾಗುತ್ತೆ" ಅನ್ನುವ ಅರಿವು. ಯಾವ ಮಾತ್ರೆ ಅಂತ ತಿಳಿಸದೆ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಡೈಸಲ್ಫಿರಾಂ ಹೆಚ್ಚೇನೂ ಸಾಧಿಸಲಿಲ್ಲ. ತಿಳಿಸಿ, ಮನೆಯವರ ಕಣ್ಣೆದುರೇ ನುಂಗಿಸಿದಾಗ ಚೆನ್ನಾಗಿ ಕೆಲಸ ಮಾಡಿತು. ಹಾಗಾಗಿ ಕದ್ದು ಕೊಡುವವರು ಔಷಧಿಯ ಗುಣವನ್ನು ತೆಗೆದು ವಿಷವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಒಪ್ಪಿಗೆಯಿಲ್ಲದೆ ಔಷಧಿ ಕೊಡುವುದು ತಪ್ಪು ಅನ್ನುವುದು ಬೇರೆ ಮಾತು, ಅದೂ ಸಣ್ಣ ಮಾತಲ್ಲ.

ನಾಲ್ಟ್ರೆಕ್ಸೋನ್ ದಾರಿ ಬೇರೆ. ಕುಡಿದಾಗ ಮಿದುಳಿನಲ್ಲಿ ಹುಟ್ಟುವ ಹಿತ ಕೆಲವು ಗ್ರಾಹಕಗಳ ಮೂಲಕ ಸಿಗುತ್ತದೆ. ಈ ಮಾತ್ರೆ ಅವುಗಳನ್ನು ಮುಚ್ಚುತ್ತದೆ. ಕುಡಿದರೂ ಮೊದಲಿನ ಕಿಕ್ ಇಲ್ಲ, ಎರಡನೆಯ ಗ್ಲಾಸಿನ ಎಳೆತ ಕಡಿಮೆ. ದಿನಕ್ಕೆ 50 ಮಿಲಿಗ್ರಾಂನ ಒಂದೇ ಮಾತ್ರೆ. ಇದರ ಮೇಲೆ ಕುಡಿದರೆ ಡೈಸಲ್ಫಿರಾಂನಂಥ ಪ್ರತಿಕ್ರಿಯೆ ಇಲ್ಲ. ಆದರೆ ಅಫೀಮಿನ ಜಾತಿಯ ನೋವುಮಾತ್ರೆ ತಿನ್ನುವವರಿಗೆ ಕೊಡುವಂತಿಲ್ಲ. ಹೆಪಟೈಟಿಸ್ ಜೋರಾಗಿದ್ದಾಗ, ಲಿವರ್ ಪೂರ್ತಿ ಸೋತಾಗಲೂ ಬೇಡ.

ಅಕಾಂಪ್ರೊಸೇಟ್ ಕುಡಿತ ಬಿಟ್ಟ ಮೇಲೆ ವಾರಗಟ್ಟಲೆ ಉಳಿಯುವ ಚಡಪಡಿಕೆ, ನಿದ್ರೆಗೇಡು, ಒಳಗಿನ ತಹತಹವನ್ನು ಶಮನಗೊಳಿಸುತ್ತದೆ. ಪೂರ್ತಿ ಬಿಟ್ಟವರು ಬಿಟ್ಟಂತೆಯೇ ಉಳಿಯಲು ಇದು ನೆರವು. ಲಿವರಿಗೆ ಇದರಿಂದ ಹೊರೆಯಿಲ್ಲ, ಹೊರಹೋಗುವುದು ಕಿಡ್ನಿಯ ಮೂಲಕ. ಹಾಗಾಗಿ ಕಿಡ್ನಿ ಸೋತವರಿಗೆ ಪ್ರಮಾಣ ಇಳಿಸಬೇಕು, ತೀರಾ ಸೋತಿದ್ದರೆ ಕೊಡಲೇಬಾರದು. ಸಾಮಾನ್ಯ ಪ್ರಮಾಣ 333 ಮಿಲಿಗ್ರಾಂನ ಎರಡೆರಡು ಮಾತ್ರೆ, ದಿನಕ್ಕೆ ಮೂರು ಹೊತ್ತು. ಒಟ್ಟು ಆರು. ಶುರುವಿನಲ್ಲಿ ಕೆಲವರಿಗೆ ಭೇದಿಯಾಗುತ್ತದೆ.

ದುಡ್ಡಿನ ಮಾತನ್ನೂ ಆಡಬೇಕು. ಮೂರರಲ್ಲಿ ಡೈಸಲ್ಫಿರಾಂ ಅಗ್ಗ, ಉಳಿದೆರಡು ತಿಂಗಳ ಲೆಕ್ಕದಲ್ಲಿ ಕೈ ಕಚ್ಚುತ್ತವೆ. ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಆ ತಿಂಗಳು ಯಾವುದು ಸಿಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಎರಡು ವಾರ ತಿಂದು ದುಡ್ಡಿಲ್ಲದೆ ನಿಲ್ಲಿಸುವುದಕ್ಕಿಂತ ಆರು ತಿಂಗಳು ನಿಭಾಯಿಸಬಲ್ಲ ಮಾತ್ರೆ ಮೇಲು.

ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಡೈಸಲ್ಫಿರಾಂ ಬೇಡವೇ ಬೇಡ, ನಾಲ್ಟ್ರೆಕ್ಸೋನ್ ಕೂಡ ಸಾಮಾನ್ಯವಾಗಿ ಬೇಡ. ವೈದ್ಯರು ಬ್ಯಾಕ್ಲೋಫೆನ್ ಯೋಚಿಸುತ್ತಾರೆ. ಅದು ತೂಕಡಿಕೆ ತರುತ್ತದೆ, ಥಟ್ಟನೆ ನಿಲ್ಲಿಸುವಂತಿಲ್ಲ.

ಅಣ್ಣನಿಗೆ ಆರಿಸಿದ್ದು ಹೇಗೆ

ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಸ್ಪಷ್ಟವಾಗಿ ಮೇಲು ಅಂತ ಹೇಳಲು ಬರುವುದಿಲ್ಲ. ಎರಡರಲ್ಲೂ ಸುಮಾರು ಹನ್ನೊಂದು ಹನ್ನೆರಡು ಜನಕ್ಕೆ ಕೊಟ್ಟರೆ ಒಬ್ಬರಿಗೆ ಮಾತ್ರೆಯಿಂದಲೇ ಹೆಚ್ಚುವರಿ ಲಾಭವಾಗುತ್ತದೆ. ನಾಲ್ಟ್ರೆಕ್ಸೋನ್‌ನಲ್ಲಿ ಆ ಲಾಭ ಅತಿಕುಡಿತಕ್ಕೆ ಮರಳದಿರುವುದು, ಅಕಾಂಪ್ರೊಸೇಟ್‌ನಲ್ಲಿ ಮತ್ತೆ ಕುಡಿಯದೇ ಇರುವುದು. ಹಾಗಾಗಿ ನೋಡಬೇಕಾದ್ದು ಆ ಮನುಷ್ಯನನ್ನು, ಅವನ ದಿನಚರಿಯನ್ನು.

ಅಣ್ಣನಿಗೆ ಬೇಕಿದ್ದದ್ದು ಡೈಸಲ್ಫಿರಾಂ. "ಭಯ ಇದ್ರೆನೇ ನಾನು ಸರಿ" ಅಂದರು. ಆದರೆ ಬಿಪಿ ಇತ್ತು, ಇಸಿಜಿಯಲ್ಲಿ ಸಂಶಯದ ಬದಲಾವಣೆಯೂ ಕಂಡಿತು. ಆ ಮಾತ್ರೆ ಕೆಲವೊಮ್ಮೆ ಲಿವರಿಗೂ ಪೆಟ್ಟು ಕೊಡುತ್ತದೆ, ಅವರ ಲಿವರ್ ಆಗಲೇ ನೊಂದಿತ್ತು. ವೈದ್ಯರು ಬೇಡವೆಂದರು.

ಅಕಾಂಪ್ರೊಸೇಟ್ ಲಿವರಿಗೆ ಹಿತ, ಕಿಡ್ನಿಯೂ ಸರಿಯಿತ್ತು. ತೊಡಕಾದದ್ದು ಮಧ್ಯಾಹ್ನದ ಹೊತ್ತು. ಆಗ ಅವರು ಗದ್ದೆಯಲ್ಲಿ ಪಂಪ್‌ಸೆಟ್ ಹತ್ತಿರ ಒಬ್ಬರೇ ಇರುತ್ತಾರೆ, ನೆನಪಿಸುವವರಿಲ್ಲ. ಇನ್ನೊಂದು ಕಾರಣ ಅವರ ಬಾಯಲ್ಲೇ ಬಂತು: "ಮೇಡಂ, ಕುಡೀದಿದ್ರೆ ನಿದ್ದೆ ಗಿದ್ದೆ ಬತ್ತದೆ. ಆದ್ರೆ ಒಂದು ಗ್ಲಾಸ್ ಒಳೀಕ್ ಹೋಯ್ತು ಅಂದ್ರೆ ಅಂಗ್ಡಿ ಮುಚ್ಚೋಗಂಟ ನಿಲ್ಲಕಿಲ್ಲ." ಚಡಪಡಿಕೆ ಮುಖ್ಯವಾಗಿದ್ದರೆ ನಾನು ಅಕಾಂಪ್ರೊಸೇಟ್ ಕಡೆ ವಾಲುತ್ತಿದ್ದೆ. ಒಂದು ಗ್ಲಾಸು ನಾಲ್ಕಾಗುವುದೇ ತೊಂದರೆಯಾದರೆ ನಾಲ್ಟ್ರೆಕ್ಸೋನ್. ಎಸ್‌ಜಿಒಟಿ ಎರಡೂವರೆ ಮೂರು ಪಟ್ಟು ಏರಿದ್ದರೂ ಬಿಲಿರುಬಿನ್ ಸರಿಯಿದ್ದುದರಿಂದ, ಪರೀಕ್ಷೆ ಮಾಡಿಸುತ್ತಾ ಕೊಡಬಹುದು ಅಂದರು ವೈದ್ಯರು.

ಅಷ್ಟರಲ್ಲಿ ಹೆಂಡತಿ ಚೀಲದಿಂದ ಒಂದು ಮಾತ್ರೆ ಪಟ್ಟಿ ತೆಗೆದರು. ಕಬ್ಬಿನ ಹೊರೆ ಹೊತ್ತು ಸೊಂಟ ಹಿಡಿದಿದ್ದಕ್ಕೆ ಅಣ್ಣ ತಿಂಗಳುಗಟ್ಟಲೆ ತಿನ್ನುತ್ತಿದ್ದ ನೋವುಮಾತ್ರೆ. ಹಿಂದೆ ಸಣ್ಣಕ್ಷರದಲ್ಲಿ ಟ್ರಮಡಾಲ್ ಅಂತಿತ್ತು. ಅದು ಅಫೀಮಿನ ಜಾತಿಯದೇ. ಅದರ ಮೇಲೆ ನಾಲ್ಟ್ರೆಕ್ಸೋನ್ ನುಂಗಿದ್ದರೆ ಕೆಲವೇ ಹೊತ್ತಿನಲ್ಲಿ ಬೆವರು, ವಾಂತಿ, ಮೈಯೆಲ್ಲ ಹಿಂಡುವ ನೋವು ಹತ್ತಿ, "ಈ ಮಾತ್ರೆ ನಂಗೆ ಆಗಕಿಲ್ಲ" ಅಂತ ಚಿಕಿತ್ಸೆಯೇ ನಿಂತುಹೋಗುತ್ತಿತ್ತು. ಟ್ರಮಡಾಲ್ ನಿಲ್ಲಿಸಿ ಹತ್ತು ದಿನ ಕಾದೆವು, ಆರು ದಿನ ವಾರ್ಡಿನಲ್ಲಿ, ನಾಲ್ಕು ದಿನ ಮನೆಯಲ್ಲಿ. ಅಂದಿನಿಂದ ನಾನು ಯಾರನ್ನೂ "ಬೇರೆ ಮಾತ್ರೆ ತಗೋತೀರಾ" ಅಂತಷ್ಟೇ ಕೇಳುವುದಿಲ್ಲ, ಮನೆಯಲ್ಲಿರುವ ಪಟ್ಟಿಗಳನ್ನೆಲ್ಲ ತರಿಸಿ ನೋಡುತ್ತೇನೆ. ನಾಲ್ಟ್ರೆಕ್ಸೋನ್ ತಿನ್ನುವವರು ಜೇಬಿನಲ್ಲಿ ಒಂದು ಚೀಟಿಯನ್ನೂ ಇಟ್ಟುಕೊಂಡಿರಬೇಕು. ಅಪಘಾತವಾದರೆ ಕೊಡುವ ಮಾರ್ಫಿನ್ ಜಾತಿಯ ನೋವುನಿವಾರಕಗಳು ಅವರ ಮೇಲೆ ಮಾಮೂಲಿನಂತೆ ಕೆಲಸ ಮಾಡುವುದಿಲ್ಲ.

ಮೊದಲ ನಾಲ್ಕು ದಿನ ಅರ್ಧ ಮಾತ್ರೆ, ಆಮೇಲೆ ಪೂರ್ತಿ. ಹೊಟ್ಟೆ ತೊಳಸುವುದು ಇದರ ಸಾಮಾನ್ಯ ತೊಂದರೆ, ಆದ್ದರಿಂದ ತಿಂಡಿ ತಿಂದ ಮೇಲೆಯೇ. ಡೈರಿಗೆ ಹಾಲು ಹಾಕಿ ಬಂದು, ತಿಂಡಿ ತಿಂದು, ಹೆಂಡತಿ ಬಸ್ಸಿಗೆ ಹೊರಡುವ ಮುಂಚೆ ನುಂಗುವುದು ಅಂತ ಇಬ್ಬರೂ ಒಪ್ಪಿಕೊಂಡರು.

ಹಾಳೆಯ ಮೇಲೆ ಬರೆದ ಗುರಿಗಳು

ಹನ್ನೆರಡು ವಾರ, ಅಂದರೆ 84 ದಿನ. ಬರೆದದ್ದು ನಾಲ್ಕೇ ಸಾಲು. ಕುಡಿದ ದಿನ ಸೊನ್ನೆ, ಅತಿಕುಡಿತದ ದಿನ ಸೊನ್ನೆ. ಮಾತ್ರೆ 84ರಲ್ಲಿ ಕನಿಷ್ಠ 75 ದಿನ. ಜಿಜಿಟಿ ನಾಲ್ಕು ವಾರಕ್ಕೆ ಅರ್ಧಕ್ಕಿಂತ ಕೆಳಗೆ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಭೇಟಿ.

ಜಿಜಿಟಿಯನ್ನು ಸೇರಿಸಿದ್ದಕ್ಕೆ ಕಾರಣವಿದೆ. ಕುಡಿತ ನಿಂತರೆ ಅದು ಸರಿಸುಮಾರು ಎರಡು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಬಾಯಿ ಹೇಳುವ ಲೆಕ್ಕಕ್ಕೂ ರಕ್ತ ಹೇಳುವ ಲೆಕ್ಕಕ್ಕೂ ತಾಳೆಯಾಗದಿದ್ದರೆ ಕೂತು ಮಾತಾಡಬೇಕು. ಆದರೆ ಅದನ್ನು ಕಳ್ಳನನ್ನು ಹಿಡಿಯುವ ಬಲೆ ಮಾಡಿಕೊಳ್ಳಬಾರದು. ಫಿಟ್ಸಿನ ಕೆಲವು ಮಾತ್ರೆಗಳಿಂದ, ಕೊಬ್ಬು ತುಂಬಿದ ಲಿವರಿನಿಂದಲೂ ಜಿಜಿಟಿ ಏರುತ್ತದೆ.

ಗುರಿಯ ಕೆಳಗೆ ಇನ್ನೊಂದು ಸಾಲು ಬರೆದೆವು. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅದೇ ಹೆಚ್ಚು ಬೆಲೆಯದು: "ಒಂದು ತಿಂಗಳಲ್ಲಿ ಎರಡು ಅತಿಕುಡಿತದ ದಿನವಾದರೆ, ಅಥವಾ ಏಳು ಮಾತ್ರೆ ತಪ್ಪಿದರೆ, ಯೋಜನೆ ಬದಲಿಸುತ್ತೇವೆ." ಆಗ ಬದಲಾಗಬೇಕಾದದ್ದು ಯೋಜನೆ. ಮನುಷ್ಯ ಕೆಟ್ಟವನು ಅನ್ನುವ ತೀರ್ಪಿಗೆ ಜಾಗವಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಗೀಟು, ಕುಡಿದ ದಿನಕ್ಕೆ ಸುತ್ತು, ಅದರೊಳಗೆ ಎಷ್ಟು ಎಂಎಲ್ ಅಂತ. ಹಾಲಿನ ಲೆಕ್ಕ ಬರೆದು ರೂಢಿಯಿದ್ದ ಮನೆ, ಇದು ಕಷ್ಟವಾಗಲಿಲ್ಲ.

ಎಲ್ಲಿ ಜಾರುತ್ತದೆ

ಮರುಕಳಿಕೆ ತಡೆಯುವುದು ಅಂದರೆ ಜಾರುವ ಜಾಗಗಳನ್ನು ಮೊದಲೇ ಹೆಸರಿಟ್ಟು ಗುರುತಿಸುವುದು. ಅಣ್ಣ ಮೂರು ಹೇಳಿದರು: ಕಬ್ಬಿನ ದುಡ್ಡು ಬರುವ ದಿನ, ಬೀಗರೂಟ, ಯುಗಾದಿ ಮಾರನೆಯ ದಿನದ ಹೊಸತೊಡಕು.

ಕಬ್ಬಿನ ದುಡ್ಡು ಸುಲಭವಾಗಿ ಕಳೆಯಿತು. ದುಡ್ಡು ಬಂದ ದಿನವೇ ಹೆಂಡತಿಯ ಖಾತೆಗೆ ಹಾಕಿಸಿದರು, ಜೇಬಿನಲ್ಲಿ ಬಸ್ ಚಾರ್ಜು ಮಾತ್ರ.

ಬೀಗರೂಟಕ್ಕೆ ಮಾತು ತಯಾರಿಸಿ ಅಭ್ಯಾಸ ಮಾಡಿಸಿದ್ದೆ. "ನಾನು ಬಿಟ್ಬಿಟ್ಟೆ" ಅಂದರೆ ಎದುರಿನವರು ಪಂಥಕ್ಕೆ ನಿಲ್ಲುತ್ತಾರೆ. "ಲಿವರ್‌ಗೆ ಮಾತ್ರೆ ನಡೀತಾ ಅದೆ, ಡಾಕುಟ್ರು ಮುಟ್ಬ್ಯಾಡ ಅಂದವ್ರೆ ಕಣಣ್ಣ" ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಆಸೆ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಊಟದ ಪಂಕ್ತಿಯಲ್ಲೇ ಇರಬೇಕು, ಹಿತ್ತಿಲ ಕಡೆ ಹೋಗಬಾರದು ಅಂತ ಮಾತಾಗಿತ್ತು. ಆರನೆಯ ವಾರದ ಬೀಗರೂಟದಲ್ಲಿ ಭಾವಮೈದ ಹೆಗಲ ಮೇಲೆ ಕೈಹಾಕಿ ಹಿತ್ತಿಲಿಗೇ ಕರೆದುಕೊಂಡು ಹೋದರು. ನೈಂಟಿ ಕುಡಿದರು. ಎರಡನೆಯದಕ್ಕೆ ಮನಸ್ಸಾಗಲಿಲ್ಲವಂತೆ, "ನೀರು ಕುಡ್ದಂಗಾಯ್ತು" ಅಂದರು. ಮಾತ್ರೆ ತನ್ನ ಕೆಲಸ ಮಾಡಿತ್ತು.

ಕೆಟ್ಟದ್ದು ಮಾರನೆಯ ದಿನ. ನಾಚಿಕೆಯಿಂದ ಕ್ಯಾಲೆಂಡರಿಗೆ ಸುತ್ತು ಹಾಕಲಿಲ್ಲ. "ಹೆಂಗೂ ಹಾಳಾಯ್ತಲ್ಲ" ಅಂತ ಮೂರು ದಿನ ಮಾತ್ರೆ ಬಿಟ್ಟರು. ಆ ವಾರ ಹೆಂಡತಿ ತವರಿಗೆ ಹೋಗಿದ್ದರಿಂದ ನೋಡುವವರೂ ಇರಲಿಲ್ಲ. ಆ ಮೂರರಲ್ಲಿ ಎರಡು ದಿನ ಕುಡಿದರು, ಅದರಲ್ಲಿ ಒಂದು ದಿನ ಒಂದೂವರೆ ಕ್ವಾರ್ಟರ್. ಆ ನೈಂಟಿಗಿಂತ ಅದನ್ನು ಬಚ್ಚಿಟ್ಟದ್ದೇ ಹೆಚ್ಚು ಕೆಡಿಸಿತು. ಹೆಂಡತಿ ವಾಪಸ್ ಬಂದು ಖಾಲಿ ಚೌಕಗಳನ್ನು ನೋಡಿ ಜಗಳ ಮಾಡದೆ ಫೋನ್ ಮಾಡಿದರು. ಮರುದಿನವೇ ಕರೆಸಿ ವೈದ್ಯರಿಗೆ ತೋರಿಸಿ ಮಾತ್ರೆ ಮತ್ತೆ ಶುರುಮಾಡಿಸಿದೆವು. ಹಾಳೆಗೆ ಒಂದು ಸಾಲು ಸೇರಿತು: "ಕುಡಿದರೆ 24 ಗಂಟೆಯೊಳಗೆ ಒಬ್ಬರಿಗಾದರೂ ಹೇಳುವುದು, ಮಾತ್ರೆ ನಿಲ್ಲಿಸದಿರುವುದು."

ಹೊಸತೊಡಕಿನ ದಿನ ಅಣ್ಣ ಊರಲ್ಲೇ ಇರಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ಮೈಸೂರಿಗೆ ಹೋಗಿ, ಮಗಳ ಜೊತೆ ಇದ್ದು ರಾತ್ರಿ ಬಸ್ಸಿಗೆ ಬಂದರು. ಕೆಲವು ದಿನಗಳನ್ನು ಎದುರಿಸುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಜಾಣತನ.

84 ದಿನದ ಲೆಕ್ಕ: ಕುಡಿದದ್ದು 3 ದಿನ, ಅತಿಕುಡಿತ 1 ದಿನ. ಮಾತ್ರೆ ನುಂಗಿದ್ದು 78 ದಿನ. ಜಿಜಿಟಿ ನಾಲ್ಕನೆಯ ವಾರ 148, ಹನ್ನೆರಡನೆಯ ವಾರ 62. ಸೊನ್ನೆಯ ಗುರಿ ಮುಟ್ಟಲಿಲ್ಲ. ಆದರೆ ಯೋಜನೆ ಬದಲಿಸುವ ಗೆರೆಯನ್ನೂ ದಾಟಿರಲಿಲ್ಲ. ಹಾಗಾಗಿ ಅದೇ ಮಾತ್ರೆ ಮುಂದುವರಿಯಿತು. ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಅಂದರು ವೈದ್ಯರು. ಗೆರೆ ದಾಟಿದ್ದರೆ ಅಕಾಂಪ್ರೊಸೇಟಿಗೆ ಬದಲಿಸಿ, ಮಧ್ಯಾಹ್ನದ ಮಾತ್ರೆಗೆ ಬುತ್ತಿಯ ಜೊತೆ ದಾರಿ ಹುಡುಕುವುದು ಅಂತ ಮೊದಲೇ ಮಾತಾಗಿತ್ತು.

ಈ ಭಾಗದವರು ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಹಳೆಯ ರಿಪೋರ್ಟುಗಳ ಜೊತೆ ಮನೆಯಲ್ಲಿರುವ ಮಾತ್ರೆ ಪಟ್ಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ.

ಹಾಳೆಯಲ್ಲಿ ಬರೆಯಲು ನಾವು ಮರೆತ ಒಂದು ದಿನವಿತ್ತು, ನೆನಪಿಸಿದ್ದು ಅಣ್ಣನೇ. ಪಿತೃಪಕ್ಷದ ಎಡೆ. ತೀರಿಕೊಂಡ ಅಪ್ಪನಿಗೆ ಇಷ್ಟವಾಗಿದ್ದದ್ದನ್ನೆಲ್ಲ ಇಡಬೇಕು, ಅದರಲ್ಲಿ ಒಂದು ಕ್ವಾರ್ಟರ್ ಬ್ರಾಂದಿಯೂ ಇರುತ್ತದೆ. ಎಡೆ ಇಟ್ಟ ಮೇಲೆ ಅದು ಹಿರಿಮಗನ ಪಾಲು. "ಬ್ಯಾಡ ಅನ್ನಕಾಯ್ತದಾ ಮೇಡಂ, ಅಪ್ಪಂದು." ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಅವರೇ ದಾರಿ ಹುಡುಕಿಕೊಂಡು ಬಂದರು. ಈ ವರ್ಷ ಎಡೆ ತಮ್ಮನ ಮನೆಯಲ್ಲಿ. ಬಾಟ್ಲು ತರುವುದೂ, ಎಡೆಯಾದ ಮೇಲೆ ತೆಗೆದುಕೊಂಡು ಹೋಗುವುದೂ ತಮ್ಮನದೇ. ಅಣ್ಣ ತಿಂಡಿ ಆದ ಮೇಲೆ ಮಾತ್ರೆ ನುಂಗಿ, ಹೆಂಡತಿಯ ಜೊತೆ ಹೋಗಿ, ಕೈಮುಗಿದು, ಊಟಕ್ಕೆ ಕೂರುವ ಮುಂಚೆ ಹಾಲು ಕರೆಯುವ ಹೊತ್ತಾಯಿತೆಂದು ಹೊರಟುಬರುವುದು. ಅದನ್ನೂ ಹಾಳೆಯಲ್ಲಿ ಬರೆದುಕೊಂಡೆವು.